‘ನಾವು ಮಾಡಿದ್ವಿ’ ಅಂದರೆ, ನೀವು ಮಾಡಿದ್ದು ಯಾವುದು?

ಪ್ರಶ್ನೆ: ಬೆಳ್ಳಂದೂರಿನಲ್ಲಿ ಸಣ್ಣ ಕಂಪನಿ ನಮ್ಮದು, 14 ಜನ ಇಂಜಿನಿಯರ್‌ಗಳಿದ್ದೇವೆ. ಬ್ಯಾಕೆಂಡ್‌ಗೆ ಒಬ್ಬ ಸೀನಿಯರ್ ಬೇಕು. ಆರು ವರ್ಷ ಅನುಭವ ಇರುವ ಒಬ್ಬರನ್ನು ಮಾತಾಡಿಸಿದೆವು. ಪ್ರಾಜೆಕ್ಟ್‌ಗಳು ಚೆನ್ನಾಗಿವೆ. ಆದರೆ ಒಂದು ಗಂಟೆ ಪೂರ್ತಿ ‘ನಾವು ಮಾಡಿದ್ವಿ, ನಾವು ಬದಲಾಯಿಸಿದ್ವಿ’ ಅಂತಲೇ ಹೇಳಿದರು. ಒಂದು ಸಲವೂ ‘ನಾನು’ ಅನ್ನಲಿಲ್ಲ. ಜೊತೆಗೆ ಕೂತಿದ್ದ ನನ್ನ ಸಹೋದ್ಯೋಗಿ ‘ಇವರು ಟೀಮಿನಲ್ಲಿ ಸುಮ್ನೆ ಇದ್ದವರು’ ಅಂತಾರೆ. ನನಗೆ ಹಾಗನ್ನಿಸಲಿಲ್ಲ. ಬರುವ ಗುರುವಾರ ಎರಡನೇ ಸುತ್ತು. ‘ನಾವು ಅನ್ನಬೇಡಿ, ನಾನು ಅಂತ ಹೇಳಿ’ ಅಂತ ನೇರವಾಗಿ ಕೇಳಿಬಿಡಲಾ?

ಉತ್ತರ: ಹಾಗೆ ಕೇಳಬೇಡಿ. ಕೇಳಿದರೆ ಮುಂದಿನ ಅರ್ಧ ಗಂಟೆ ಅವರು ಹೇಳುವುದೆಲ್ಲ ‘ನಾನು’ ಆಗುತ್ತದೆ. ವಿಷಯ ಮಾತ್ರ ಅದೇ ಇರುತ್ತದೆ. ಮೊದಲು ‘ನಾವು ಸರ್ವಿಸ್ ಒಡೆದ್ವಿ’ ಅಂದಿದ್ದವರು ಈಗ ‘ನಾನು ಸರ್ವಿಸ್ ಒಡೆದೆ’ ಅಂತಾರೆ. ನಿಮಗೆ ಹೊಸದೇನೂ ಗೊತ್ತಾಗುವುದಿಲ್ಲ. ಅವರಿಗೆ ಮಾತ್ರ ತಾನು ಏನೋ ತಪ್ಪು ಮಾಡಿದೆ ಅನ್ನಿಸಿ ಗಂಟಲು ಒಣಗುತ್ತದೆ. ಸರ್ವನಾಮ ಬದಲಿಸುವುದು ಸುಲಭ. ನಿಮಗೆ ಬೇಕಾಗಿರುವುದು ಆ ಸರ್ವನಾಮದ ಹಿಂದೆ ಯಾರ ಕೈ ಇತ್ತು ಅನ್ನುವುದು.

‘ನಾವು’ ಅನ್ನುವುದು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡೋಣ. ನಮ್ಮ ಕಡೆ ಬೆಳೆದವರಿಗೆ ‘ನಾನು ನಾನು ಅನ್ನಬೇಡ’ ಅನ್ನುವ ಮಾತು ಮನೆಯಲ್ಲೇ ಬಿದ್ದಿರುತ್ತದೆ. ವೈಕುಂಠಕ್ಕೆ ಯಾರು ಹೋಗುತ್ತಾರೆ ಅಂತ ಗುರುಗಳು ಕೇಳಿದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಅಂದ ಕಥೆ ಕೇಳದ ಮಕ್ಕಳು ಕಡಿಮೆ. ಅದರ ಮೇಲೆ ಆಫೀಸಿನ ಅಭ್ಯಾಸ. ಬೆಂಗಳೂರಿನಲ್ಲಿ ಸರ್ವಿಸ್ ಕಂಪನಿಗಳಲ್ಲಿ ಕೆಲಸ ಕಲಿತವರು ಬಹಳ ಜನ. ಅಲ್ಲಿ ಕ್ಲೈಂಟ್‌ಗೆ ಹೋಗುವ ಪ್ರತಿ ಮೇಲ್, ಪ್ರತಿ ಕಾಲ್ ‘ನಾವು’ ಅಂತಲೇ ಇರಬೇಕು. ತಪ್ಪಾದರೂ ‘ನಾವು ಸರಿಪಡಿಸುತ್ತೇವೆ’, ಸರಿಯಾದರೂ ‘ನಾವು ಮುಗಿಸಿದೆವು’. ರಾತ್ರಿ ಎದ್ದು ಒಬ್ಬರೇ ರಿಪೇರಿ ಮಾಡಿದ್ದರೂ ಬೆಳಿಗ್ಗೆ ಮೇಲ್‌ನಲ್ಲಿ ಅದು ‘ನಾವು’. ಐದಾರು ವರ್ಷ ಹಾಗೆ ಬರೆದವರ ಬಾಯಿಂದ ಇಂಟರ್‌ವ್ಯೂನಲ್ಲಿ ಇನ್ನೇನು ಬರುತ್ತದೆ?

ಹಾಗಂತ ನಿಮ್ಮ ಸಹೋದ್ಯೋಗಿ ತಪ್ಪು ಅಂತಲೂ ಅಲ್ಲ. ಪಕ್ಕದಲ್ಲಿ ಕೂತು ನೋಡಿದವರು ಕೂಡ ಇದೇ ‘ನಾವು’ ಅನ್ನುತ್ತಾರೆ. ಮಾಡಿದವರು, ನೋಡಿದವರು ಇಬ್ಬರ ಬಾಯಲ್ಲೂ ಪದ ಒಂದೇ. ಅದಕ್ಕೇ ಆ ಪದ ಕೇಳಿ ಯಾವ ಕಡೆಗೂ ತೀರ್ಮಾನ ಮಾಡಬಾರದು.

ನಾನು ಮಾಡಿದ್ದೇನೆ, ಆ ತಪ್ಪು. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳನ್ನು ಇಂಟರ್‌ವ್ಯೂ ಮಾಡಿ, ‘ಇವರ ಪಾಲು ಸ್ಪಷ್ಟವಿಲ್ಲ’ ಅಂತ ಬರೆದು ಬೇಡ ಅಂದೆ. ಎಂಟು ತಿಂಗಳಾದ ಮೇಲೆ ಅವರ ಹಳೆಯ ಲೀಡ್ ಒಬ್ಬರು ಸಿಕ್ಕಿದ್ದರು. ಪೇಮೆಂಟ್ ಲೆಕ್ಕ ತಾಳೆ ನೋಡುವ ಕೋಡ್ ಪೂರ್ತಿ ಅವರೇ ಬರೆದದ್ದು, ಅವರು ಬಿಟ್ಟ ಮೇಲೆ ಅದನ್ನು ಮುಟ್ಟೋಕೆ ನಮಗೆ ಎರಡು ತಿಂಗಳು ಧೈರ್ಯ ಬರಲಿಲ್ಲ ಅಂದರು. ಮನೆಗೆ ಬಂದು ನನ್ನ ಹಳೆಯ ನೋಟ್ಸ್ ತೆಗೆದು ನೋಡಿದೆ. ಪಾಲು ಸ್ಪಷ್ಟವಿಲ್ಲ ಅಂತ ಬರೆದಿದ್ದೆ. ಆದರೆ ಅದನ್ನು ಸ್ಪಷ್ಟ ಮಾಡಿಕೊಳ್ಳಲು ನಾನು ಕೇಳಿದ ಪ್ರಶ್ನೆ ಒಂದೂ ಆ ಹಾಳೆಯಲ್ಲಿ ಇರಲಿಲ್ಲ. ಅಂದಿನಿಂದ ನಾನು ಇಂಟರ್‌ವ್ಯೂ ಮಾಡುವ ರೀತಿ ಬದಲಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಒಂದೇ ಪ್ರಾಜೆಕ್ಟ್ ಹಿಡಿಯಿರಿ. ಮೂರು ಪ್ರಾಜೆಕ್ಟ್ ಕೇಳಿದರೆ ಮೂರರ ಮೇಲ್ಮೈ ಮಾತ್ರ ಸಿಗುತ್ತದೆ. ಮೇಲ್ಮೈಯಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ಕಳೆದ ಒಂದು, ಒಂದೂವರೆ ವರ್ಷದೊಳಗಿನದ್ದು ಇರಲಿ. ಅದಕ್ಕಿಂತ ಹಳೆಯದಾದರೆ ಮರೆವು ಯಾವುದು, ಮಾಡದೇ ಇದ್ದದ್ದು ಯಾವುದು ಅಂತ ಹೇಳುವುದು ಕಷ್ಟ. ಯಾವ ಪ್ರಾಜೆಕ್ಟ್ ಅನ್ನುವುದನ್ನು ಅವರೇ ಆರಿಸಲಿ. ‘ನಿಮಗೆ ಚೆನ್ನಾಗಿ ನೆನಪಿರುವುದು, ನಿಮ್ಮ ಕೈ ಜಾಸ್ತಿ ಆಡಿದ್ದು ಯಾವುದು?’ ಅಂತ ಕೇಳಿ. ಕ್ಲೈಂಟ್ ಹೆಸರು ಕೇಳಬೇಡಿ. ಎಷ್ಟೋ ಜನ ಗೌಪ್ಯತೆಗೆ ಸಹಿ ಹಾಕಿರುತ್ತಾರೆ. ಹೆಸರು ಕೇಳಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ವಿವರವೂ ಬರುವುದಿಲ್ಲ.

ಎರಡನೆಯದು, ಅವರ ಬಗ್ಗೆ ಕೇಳುವ ಮೊದಲು ಟೀಮಿನ ಬಗ್ಗೆ ಕೇಳಿ. ಇದು ಉಲ್ಟಾ ಅನ್ನಿಸಬಹುದು. ಆದರೆ ‘ನಾನು’ ಅನ್ನಲು ಸಂಕೋಚ ಪಡುವವರಿಗೆ ಇದರಷ್ಟು ಸುಲಭದ ದಾರಿ ಇಲ್ಲ. ಒಂದು ಹಾಳೆ, ಒಂದು ಪೆನ್ನು ಕೊಡಿ. ‘ಈ ಕೆಲಸದಲ್ಲಿ ಯಾರ‍್ಯಾರು ಇದ್ರು, ಯಾರು ಏನು ನೋಡ್ಕೋತಿದ್ರು ಅಂತ ಸ್ವಲ್ಪ ಬರೆದು ತೋರಿಸಿ’ ಅನ್ನಿ. ವಿಡಿಯೋ ಕಾಲ್ ಆದರೆ ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಲೀಡ್ ಇದು, ಡೇಟಾಬೇಸ್ ನೋಡೋರು ಇವರು, ಫ್ರಂಟೆಂಡ್ ಇಬ್ಬರು, ಟೆಸ್ಟಿಂಗ್ ಒಬ್ಬರು ಅಂತ ಉಳಿದವರಿಗೆ ಅವರವರ ಜಾಗ ಕೊಟ್ಟ ಮೇಲೆ ತನ್ನ ಜಾಗ ಖಾಲಿ ಉಳಿಯುತ್ತದೆ. ಅದನ್ನು ತುಂಬುವಾಗ ಜಂಬ ಕೊಚ್ಚಿಕೊಂಡ ಹಾಗೆ ಅವರಿಗೆ ಅನ್ನಿಸುವುದಿಲ್ಲ. ಬೇರೆಯವರ ಪಾಲು ಅವರಿಗೆ ಕೊಟ್ಟಾಗಿದೆ, ಅಲ್ವಾ?

ಇದೇ ಹಾಳೆ ಇನ್ನೊಂದು ಥರದವರಿಗೂ ಕೆಲಸಕ್ಕೆ ಬರುತ್ತದೆ. ಎಲ್ಲದಕ್ಕೂ ‘ನಾನು’ ಅನ್ನುವವರು ಇರುತ್ತಾರೆ. ಏಳು ಜನರ ಟೀಮಿನಲ್ಲಿ ಉಳಿದ ಆರು ಜನ ಏನು ಮಾಡುತ್ತಿದ್ದರು ಅಂತ ಅವರು ಬರೆಯಲಾರದೆ ಹೋದರೆ, ಅದನ್ನೂ ಗುರುತು ಹಾಕಿಕೊಳ್ಳಿ.

ಮೂರನೆಯದು ಮುಖ್ಯ. ಆ ಪ್ರಾಜೆಕ್ಟ್‌ನಲ್ಲಿ ಒಂದು ಘಟನೆ ಹಿಡಿದು ಒಳಗೆ ಇಳಿಯಬೇಕು. ಅಭಿಪ್ರಾಯ ಕೇಳದೆ, ನಡೆದ ಒಂದು ಘಟನೆಯನ್ನೇ ಹಿಡಿದು ಕೇಳುವ ಕ್ರಮ ಹಳೆಯದು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ವಾಯುಪಡೆಯ ಮನಶ್ಶಾಸ್ತ್ರಜ್ಞರು ಪೈಲಟ್‌ಗಳಿಂದ ಹೀಗೆ ಘಟನೆಗಳನ್ನು ಹೇಳಿಸಿ ಬರೆದುಕೊಂಡರು. ಆ ತಂಡ ನಡೆಸಿದ ಜಾನ್ ಫ್ಲಾನಗನ್ 1954ರಲ್ಲಿ ಈ ಪದ್ಧತಿಯನ್ನು ಪೂರ್ತಿ ವಿವರಿಸಿ ಬರೆದರು. ಇವತ್ತು ಎಚ್‌ಆರ್‌ನವರು ಹೇಳಿಕೊಡುವ ಎಷ್ಟೋ ಪ್ರಶ್ನೆಗಳ ಬೇರು ಅಲ್ಲಿದೆ. ಆದರೆ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರೆ ಏನೂ ಸಿಗುವುದಿಲ್ಲ. ಒಂದೇ ಜಾಗದಲ್ಲಿ ನಾಲ್ಕು ಸಲ ಅಗೆಯಬೇಕು.

ಹೇಗೆ ಅಂತ ಒಂದು ಉದಾಹರಣೆ ತೋರಿಸುತ್ತೇನೆ. ನಾನು ಕೂತಿದ್ದ ಒಂದು ಇಂಟರ್‌ವ್ಯೂ ಇದು. ಗುರುತು ಸಿಗದ ಹಾಗೆ ಅಂಕಿ, ವಿವರ ಬದಲಿಸಿದ್ದೇನೆ. ಆ ಕ್ಯಾಂಡಿಡೇಟ್ ಮೊದಲು ಹೇಳಿದ ಮಾತು ಇಷ್ಟು: ‘ಸೆಲ್ಲರ್ ಡ್ಯಾಶ್‌ಬೋರ್ಡ್ ತುಂಬಾ ನಿಧಾನ ಇತ್ತು ಮೇಡಂ. ನಾಲ್ಕು ಸೆಕೆಂಡ್ ಆಗ್ತಿತ್ತು. ನಾವು ಅದನ್ನ ಅರ್ಧ ಸೆಕೆಂಡಿಗಿಂತ ಕೆಳಗೆ ತಂದ್ವಿ.’

ಈ ವಾಕ್ಯ ಆ ಟೀಮಿನ ಏಳು ಜನರೂ ಹೇಳಬಹುದು. ಬೇರೆ ಟೀಮಿನವರು ಕೂಡ ಕ್ಯಾಂಟೀನ್‌ನಲ್ಲಿ ಕೇಳಿಸಿಕೊಂಡು ಹೇಳಬಹುದು. ಇದರಲ್ಲಿ ಯಾರ ಕೈಗುರುತೂ ಇಲ್ಲ. ನಾನು ಕೇಳಿದೆ, ‘ನಿಧಾನ ಇದೆ ಅಂತ ಮೊದಲು ಗೊತ್ತಾಗಿದ್ದು ಹೇಗೆ?’

‘ಕಂಪ್ಲೇಂಟ್ ಬಂತು ಮೇಡಂ. ಆದ್ರೆ ಎಲ್ಲ ಸೆಲ್ಲರ್‌ಗಳಿಂದ ಅಲ್ಲ. ಸಣ್ಣ ಅಂಗಡಿಯವರಿಗೆಲ್ಲ ಸರಿಯಾಗೇ ಬರ್ತಿತ್ತು. ದೊಡ್ಡ ಸೆಲ್ಲರ್‌ಗಳು ನಾಲ್ಕೈದು ಜನ, ಅವರಿಗೆ ಮಾತ್ರ ನಿಧಾನ. ನಮ್ಮ ಟೆಸ್ಟ್ ಅಕೌಂಟ್‌ನಲ್ಲಿ ನೋಡಿದ್ರೆ ಏನೂ ತೊಂದರೆ ಕಾಣಿಸ್ತಿರಲಿಲ್ಲ.’

ಇಲ್ಲಿ ನಾನು ಪೆನ್ನು ಎತ್ತಿಕೊಂಡೆ. ಕೇಳಿದ್ದಕ್ಕಿಂತ ಪಕ್ಕದ ವಿಷಯ ಒಂದು ತಾನಾಗಿ ಬಂತು, ನೋಡಿ. ಟೆಸ್ಟ್ ಅಕೌಂಟ್‌ನಲ್ಲಿ ಕಾಣಿಸುತ್ತಿರಲಿಲ್ಲ ಅನ್ನುವುದು ಫಲಿತಾಂಶದ ಸ್ಲೈಡ್‌ನಲ್ಲಿ ಇರುವ ಮಾತಲ್ಲ. ಅದನ್ನು ಹುಡುಕಿ ತಲೆ ಕೆಡಿಸಿಕೊಂಡವರಿಗೆ ನೆನಪಿರುವ ಮಾತು.

‘ಆಮೇಲೆ?’

‘ಸ್ಲೋ ಕ್ವೆರಿ ಲಾಗ್ ತೆಗೆಸಿದ್ವಿ. ಆರ್ಡರ್ ಪಟ್ಟಿ ತರೋ ಕ್ವೆರಿ ಒಂದೇ ಮೇಲೆ ಮೇಲೆ ಬರ್ತಿತ್ತು. EXPLAIN ಹಾಕಿ ನೋಡ್ದೆ. Using filesort ಅಂತ ಇತ್ತು.’

ಕ್ವೆರಿ ಬರೆದು ತೋರಿಸಿ ಅಂದೆ. ಬರೆದರು:

```sql
SELECT * FROM orders
WHERE seller_id = ?
ORDER BY created_at DESC
LIMIT 50;
```

ಡೇಟಾಬೇಸ್ ಕೆಲಸ ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. EXPLAIN ಹಾಕಿದರೆ ಡೇಟಾಬೇಸ್ ಆ ಕ್ವೆರಿಯನ್ನು ಹೇಗೆ ಓಡಿಸುತ್ತದೆ ಅಂತ ಕಾಣುತ್ತದೆ. Using filesort ಅಂದರೆ ಸಾಲುಗಳನ್ನು ತೆಗೆದ ಮೇಲೆ ಬೇರೆಯಾಗಿ ಜೋಡಿಸಬೇಕಾಗುತ್ತದೆ ಅಂತ. ಟೇಬಲ್‌ಗೆ `seller_id` ಮೇಲೆ ಮಾತ್ರ ಇಂಡೆಕ್ಸ್ ಇತ್ತು. ಅಂದರೆ ಯಾವ ಆರ್ಡರ್‌ಗಳು ಯಾವ ಸೆಲ್ಲರ್‌ದು ಅಂತ ಬೇಗ ಸಿಗುತ್ತದೆ, ಆದರೆ ಅವು ತಾರೀಖಿನ ಪ್ರಕಾರ ಜೋಡಿಸಿಟ್ಟಿರುವುದಿಲ್ಲ. ಇನ್ನೂರು ಆರ್ಡರ್ ಇರುವ ಅಂಗಡಿಗೆ ಎಲ್ಲ ತೆಗೆದು ಜೋಡಿಸುವುದು ಕ್ಷಣದ ಕೆಲಸ. ಆರು ಲಕ್ಷ ಆರ್ಡರ್ ಇರುವ ಸೆಲ್ಲರ್‌ಗೆ ಆರು ಲಕ್ಷವನ್ನೂ ತೆಗೆದು, ತಾರೀಖಿನ ಪ್ರಕಾರ ಜೋಡಿಸಿ, ಕೊನೆಗೆ 50 ಮಾತ್ರ ಕೊಡಬೇಕು. ದೊಡ್ಡ ಸೆಲ್ಲರ್‌ಗೆ ಮಾತ್ರ ನಿಧಾನ ಅಂದದ್ದು, Using filesort ಅಂದದ್ದು ಎರಡೂ ಇಲ್ಲಿ ಬಂದು ಕೂಡುತ್ತವೆ. ಅವರು ಹೇಳಿದ ತುಂಡುಗಳು ಒಂದಕ್ಕೊಂದು ಹೊಂದುತ್ತಿದ್ದವು. ಬಾಯಿಪಾಠ ಮಾಡಿದ ಕಥೆಯಲ್ಲಿ ಹೀಗೆ ಹೊಂದಿಸುವುದು ಬಹಳ ಕಷ್ಟ.

ಅವರ ಭಾಷೆ ಇನ್ನೊಮ್ಮೆ ನೋಡಿ. ‘ಲಾಗ್ ತೆಗೆಸಿದ್ವಿ’, ಆದರೆ ‘EXPLAIN ಹಾಕಿ ನೋಡ್ದೆ’. ‘ನಾನು’ ಅನ್ನುವ ಪದ ಬರಲೇ ಇಲ್ಲ. ಆದರೂ ಕ್ರಿಯಾಪದದ ಬಾಲ ಬದಲಾಯಿತು. ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಯಾರು ಮಾಡಿದ್ದು ಅನ್ನುವುದು ಕೊನೆಯ ಅಕ್ಷರದಲ್ಲಿ ಇರುತ್ತದೆ. ಘಟನೆಯ ಒಳಗೆ ಹೋದ ಹಾಗೆ ಜನ ತಮ್ಮ ಕೈ ಆಡಿದ ಜಾಗದಲ್ಲಿ ತಮಗೇ ಗೊತ್ತಿಲ್ಲದೆ ‘ವಿ’ ಬಿಟ್ಟು ‘ದೆ’ಗೆ ಬರುತ್ತಾರೆ. ಲಾಗ್ ಆನ್ ಮಾಡಿದ್ದು ಇನ್ನೊಬ್ಬರು, ಅದನ್ನು ಓದಿದ್ದು ಇವರು. ಆಮೇಲೆ ಕೇಳಿದಾಗಲೂ ಹಾಗೇ ಇತ್ತು. ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲ. ಸರ್ವನಾಮ ಹೇಳಲೇಬೇಕು, ಹೇಳುವಾಗ ಸಂಕೋಚ ಅಡ್ಡ ಬರುತ್ತದೆ. ಅದಕ್ಕೇ ನಾನು ಇಬ್ಬರಿಗೂ ಬರುವ ಭಾಷೆ ಯಾವುದಾದರೂ ಇದ್ದರೆ, ವಿವರಕ್ಕೆ ಬಂದಾಗ ಆ ಭಾಷೆಯಲ್ಲೇ ಹೇಳಿ ಅನ್ನುತ್ತೇನೆ. ಕನ್ನಡ, ತಮಿಳು, ತೆಲುಗು ಯಾವುದಾದರೂ ಸರಿ. ಜೊತೆಗೆ ಕೂತವರಿಗೆ ಅರ್ಥವಾಗದಿದ್ದರೆ ಆಮೇಲೆ ಹೇಳಬೇಕಾಗುತ್ತದೆ, ಅಷ್ಟೇ. ಇದು ಕನ್ನಡದವರಿಗೆ ಮಾತ್ರ ಕೊಡುವ ರಿಯಾಯಿತಿ ಆಗಬಾರದು.

ಮುಂದೆ ನಾನು ಕೇಳಿದ್ದು, ‘ಬೇರೆ ಏನು ಮಾಡಬಹುದು ಅಂತ ಮಾತಾಯ್ತು?’ ಇದು ನನ್ನ ಪಾಲಿಗೆ ಅತ್ಯಂತ ಬೆಲೆಬಾಳುವ ಪ್ರಶ್ನೆ. ಕೊನೆಗೆ ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಏನನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದು ಆ ಮಾತುಕತೆಯಲ್ಲಿ ಕೂತವರಿಗೆ ಮಾತ್ರ ಗೊತ್ತು.

‘ಲೀಡ್ ಕ್ಯಾಶ್ ಹಾಕೋಣ, ಒಮ್ಮೆ ತಂದ ಪಟ್ಟೀನ ಇಟ್ಕೊಂಡು ಅದನ್ನೇ ತೋರಿಸೋಣ ಅಂದ್ರು. ಅದಕ್ಕೆ ರೆಡಿಸ್ ಇತ್ತು ನಮ್ಮ ಹತ್ರ. ಆದ್ರೆ ಸೆಲ್ಲರ್‌ಗಳು ಆ ಪೇಜ್ ತೆಗೆಯೋದೇ ಹೊಸ ಆರ್ಡರ್ ಬಂತಾ ಅಂತ ನೋಡೋಕೆ. ಹಳೇ ಪಟ್ಟಿ ತೋರಿಸಿದ್ರೆ ಪ್ಯಾಕ್ ಮಾಡೋದು ತಡ ಆಗತ್ತೆ. ಆರ್ಡರ್ ಸ್ಟೇಟಸ್ ಬದಲಾದಾಗೆಲ್ಲ ಕ್ಯಾಶ್ ತೆಗೀಬೇಕು, ಸ್ಟೇಟಸ್ ಬದಲಿಸೋ ಕೋಡ್ ನಾಲ್ಕು ಕಡೆ ಇತ್ತು. ಒಂದು ಕಡೆ ಮರೆತ್ರೂ ತಪ್ಪು ಪಟ್ಟಿ. ಅದಕ್ಕೆ ಇಂಡೆಕ್ಸ್ ಸಾಕು ಅಂದೆ. ಅವರು ಒಪ್ಪೋಕೆ ಎರಡು ದಿನ ಆಯ್ತು.’

‘ಹೇಗೆ ಒಪ್ಪಿದ್ರು?’

‘ಸ್ಟೇಜಿಂಗ್‌ನಲ್ಲಿ ದೊಡ್ಡ ಸೆಲ್ಲರ್‌ದು ಡೇಟಾ ಹಾಕಿ, ಇಂಡೆಕ್ಸ್ ಸೇರಿಸಿ, ಎರಡನ್ನೂ ಪಕ್ಕಪಕ್ಕ ತೋರಿಸ್ದೆ.’

ಸೇರಿಸಿದ ಇಂಡೆಕ್ಸ್ ಇದು:

```sql
ALTER TABLE orders
ADD INDEX idx_seller_created (seller_id, created_at);
```

ಈಗ ಸೆಲ್ಲರ್‌ನ ಆರ್ಡರ್‌ಗಳು ತಾರೀಖಿನ ಕ್ರಮದಲ್ಲೇ ಸಿಗುತ್ತವೆ. ಕೊನೆಯಿಂದ 50 ಓದಿದರೆ ಮುಗಿಯಿತು. ಸರಿಯಾದ ಉತ್ತರ. ಆದರೆ ಇಷ್ಟನ್ನು ಒಳ್ಳೆಯ ಇಂಜಿನಿಯರ್ ಯಾರಾದರೂ ಆ ಕೆಲಸ ಮಾಡದೆಯೂ ಹೇಳಬಲ್ಲರು. ಹಾಗಾಗಿ ಕೊನೆಯ ಅಗೆತ ಬೇಕು: ‘ಇದರಲ್ಲಿ ಏನು ಕೆಟ್ಟಿತು?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್‌ನಲ್ಲಿ ಆ ALTER ಓಡಿಸಿದರು. ಟೇಬಲ್‌ನಲ್ಲಿ ಕೋಟಿಗಟ್ಟಲೆ ಸಾಲು. ಮುಖ್ಯ ಡೇಟಾಬೇಸ್‌ನಲ್ಲಿ 50 ನಿಮಿಷ ತೆಗೆದುಕೊಂಡಿತು, ಅಷ್ಟು ಹೊತ್ತೂ ಆರ್ಡರ್ ಬರುವುದು ನಿಲ್ಲಲಿಲ್ಲ. ಎಲ್ಲ ಸರಿ ಅಂದುಕೊಂಡರು. ಆದರೆ ಮುಖ್ಯ ಡೇಟಾಬೇಸ್‌ನಲ್ಲಿ ಮುಗಿದ ಮೇಲೆ ಅದೇ ALTER ಅದರ ನಕಲಾದ ರೆಪ್ಲಿಕಾದಲ್ಲಿ ಶುರುವಾಯಿತು. ಅದು ಮುಗಿಯುವವರೆಗೆ ರೆಪ್ಲಿಕಾ ಹೊಸದೇನನ್ನೂ ತೆಗೆದುಕೊಳ್ಳಲಿಲ್ಲ. ಬೆಳಗಿನ ರಿಪೋರ್ಟ್‌ಗಳು ರೆಪ್ಲಿಕಾದಿಂದ ಹೋಗುತ್ತಿದ್ದವು. ರಿಪೋರ್ಟ್‌ನಲ್ಲಿ ಆ ಹೊತ್ತಿನ ಆರ್ಡರ್‌ಗಳೇ ಇಲ್ಲ.

‘ಅದು ನನಗೆ ಹೊಳೀಲೇ ಇಲ್ಲ ಮೇಡಂ. ಬೆಳಿಗ್ಗೆ ಎದ್ದು ಒಂದೊಂದೇ ರಿಪೋರ್ಟ್ ಮತ್ತೆ ಓಡಿಸ್ದೆ. ಆಮೇಲೆ ಇನ್ನೊಂದು ಟೇಬಲ್‌ಗೆ ಮಾಡುವಾಗ gh-ost ಬಳಸಿದ್ವಿ.’

ಈ ಹೊತ್ತಿಗೆ ನನಗೆ ಬೇಕಾದ್ದು ಸಿಕ್ಕಿತ್ತು. MySQL ರೆಪ್ಲಿಕಾ ಹೀಗೆ ಹಿಂದೆ ಬೀಳುವುದು ನಿಜ, ದೊಡ್ಡ ಟೇಬಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುವ `gh-ost` ಥರದ ಸಲಕರಣೆ ಇರುವುದೂ ಅದಕ್ಕೇ. ಇದನ್ನು ಓದಿ ತಿಳಿದವರು ಇರಬಹುದು. ಆದರೆ ಬೆಳಗಿನ ರಿಪೋರ್ಟ್ ಅರ್ಧಂಬರ್ಧ ಬಂತು, ನಾನೇ ಎದ್ದು ಮತ್ತೆ ಓಡಿಸಿದೆ ಅನ್ನುವುದು ಬದುಕಿದವರ ಮಾತು.

ಇದರ ಎದುರು ಇನ್ನೊಂದು ಇಂಟರ್‌ವ್ಯೂ ನೆನಪಿದೆ. ಅವರದ್ದೂ ಇಂಥದ್ದೇ ಸಾಧನೆ, ಮಾತು ಇನ್ನೂ ಸರಾಗ. ‘ಎಲ್ಲಿ ನಿಧಾನ ಅಂತ ಹೇಗೆ ಗೊತ್ತಾಯ್ತು?’ ಅಂದರೆ ‘ಮಾನಿಟರಿಂಗ್ ಮಾಡಿ ಬಾಟಲ್‌ನೆಕ್ ಕಂಡುಕೊಂಡ್ವಿ’. ‘ಯಾವ ಬಾಟಲ್‌ನೆಕ್?’ ಅಂದರೆ ‘ಡೇಟಾಬೇಸ್ ಲೇಯರ್‌ನಲ್ಲಿ’. ‘ಡೇಟಾಬೇಸ್‌ನಲ್ಲಿ ಏನು?’ ಅಂದರೆ ‘ಕ್ವೆರಿ ಆಪ್ಟಿಮೈಸ್ ಮಾಡಿದ್ವಿ, ಬೆಸ್ಟ್ ಪ್ರಾಕ್ಟೀಸ್ ಎಲ್ಲ ಫಾಲೋ ಮಾಡಿದ್ವಿ’. ಗಮನಿಸಿ, ನಾನು ಕೆಳಗೆ ಇಳಿಯಲು ನೋಡಿದಷ್ಟೂ ಉತ್ತರ ಮೇಲಕ್ಕೆ ಹೋಗುತ್ತಿದೆ. ಮಾಡಿದವರ ಉತ್ತರ ಇಳಿದ ಹಾಗೆ ಸಣ್ಣದಾಗುತ್ತದೆ, ಗಲೀಜಾಗುತ್ತದೆ. ಒಂದು ಕಾಲಂ ಹೆಸರು, ಒಂದು ರಾತ್ರಿ, ಒಂದು ಜಗಳ ಬರುತ್ತದೆ. ನೋಡಿದವರ ಉತ್ತರ ಇಳಿದ ಹಾಗೆ ಅಗಲವಾಗುತ್ತದೆ, ನಯವಾಗುತ್ತದೆ. ಒಂದು ಉತ್ತರದಲ್ಲಿ ಇದು ಕಾಣುವುದಿಲ್ಲ. ಒಂದೇ ಜಾಗದಲ್ಲಿ ಮೂರು ನಾಲ್ಕು ಸಲ ಕೇಳಿದ ಮೇಲೆ ಕಾಣುತ್ತದೆ.

ಆದರೂ ಅವರನ್ನು ಅಲ್ಲೇ ಬಿಡಲಿಲ್ಲ. ‘ಇದರಲ್ಲಿ ನಿಮ್ಮ ಹತ್ತಿರ ಇದ್ದದ್ದು ಯಾವ ಭಾಗ?’ ಅಂತ ಕೇಳಿದೆ. ‘ಡೇಟಾಬೇಸ್ ಕೆಲಸ ನಾನು ಮಾಡಿದ್ದಲ್ಲ, ಲೋಡ್ ಟೆಸ್ಟ್ ಬರೆದದ್ದು ನಾನು’ ಅಂದರು. ಲೋಡ್ ಟೆಸ್ಟ್ ಕಡೆ ತಿರುಗಿದ ಕೂಡಲೇ ವಿವರಗಳು ಹರಿದು ಬಂದವು. ನಾನು ಅಲ್ಲಿಯವರೆಗೆ ಅವರ ಕೈ ಇಲ್ಲದ ಜಾಗದಲ್ಲಿ ಅಗೆಯುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಅದು ನಾನು ಮಾಡಿದ್ದಲ್ಲ’ ಅನ್ನುವ ಉತ್ತರ ಬಂದಾಗ ಅಂಕ ಕಳೆಯಬೇಡಿ. ಆ ಮಾತು ಬಂದ ಮೇಲೆ ಅವರ ಉಳಿದ ‘ನಾವು’ಗಳ ಮೇಲೆ ನನಗೆ ನಂಬಿಕೆ ಜಾಸ್ತಿ ಆಗುತ್ತದೆ. ಅವರು ಬೇಲಿ ಎಲ್ಲಿದೆ ಅಂತ ತೋರಿಸುತ್ತಿದ್ದಾರೆ.

ಒಂದು ಪ್ರಶ್ನೆ ಮಾತ್ರ ಕೇಳಲೇಬೇಡಿ: ‘ಇದರಲ್ಲಿ ನಿಮ್ಮ ಪಾಲು ಎಷ್ಟು ಪರ್ಸೆಂಟ್?’ ತುಂಬ ಜನ ಕೇಳುತ್ತಾರೆ. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ನೂರು ದಾಟುತ್ತಿತ್ತು. ಅವರು ಸುಳ್ಳು ಹೇಳುತ್ತಿದ್ದರು ಅಂತಲ್ಲ. ತಾವು ಮಾಡಿದ್ದು ಕಣ್ಣೆದುರು ಬರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಬೇಗ ನೆನಪಾಗುವುದಿಲ್ಲ. ಹಾಗಾಗಿ 60 ಅಂದವರು ಪ್ರಾಮಾಣಿಕವಾಗಿಯೇ ಜಾಸ್ತಿ ಹೇಳುತ್ತಿರಬಹುದು. ‘ನಾವು’ ಅನ್ನುವ ಸಂಕೋಚದವರು 20 ಅಂತ ಹೇಳಿ ತಮಗೆ ತಾವೇ ನಷ್ಟ ಮಾಡಿಕೊಳ್ಳಬಹುದು. ಆ ಅಂಕಿಯಿಂದ ನಿಮಗೆ ಸಿಗುವುದು ಅವರ ಸ್ವಭಾವ, ಪಾಲಲ್ಲ.

ಇನ್ನು ಬರೆದುಕೊಳ್ಳುವ ವಿಷಯ. ‘ಕಾಂಟ್ರಿಬ್ಯೂಷನ್: ಮಧ್ಯಮ’ ಅಂತ ಬರೆದರೆ ಚರ್ಚೆಯಲ್ಲಿ ನೀವು, ನಿಮ್ಮ ಸಹೋದ್ಯೋಗಿ ಇಬ್ಬರೂ ಅನಿಸಿಕೆ ಮೇಲೆ ಅನಿಸಿಕೆ ಎಸೆಯುತ್ತೀರಿ. ಈಗ ಆಗಿರುವುದೂ ಅದೇ. ನಾನು ಘಟನೆಯ ಪ್ರತಿ ಹೆಜ್ಜೆಯ ಮುಂದೆ ಒಂದು ಕ್ರಿಯಾಪದ ಬರೆಯುತ್ತೇನೆ: ಮಾಡಿದರು, ತೀರ್ಮಾನಿಸಿದರು, ನೋಡಿ ತಿದ್ದಿದರು, ಜೊತೆಗಿದ್ದರು. ಮೇಲಿನ ಉದಾಹರಣೆಯಲ್ಲಿ ಲಾಗ್ ಆನ್ ಮಾಡಿದ್ದಕ್ಕೆ ‘ಜೊತೆಗಿದ್ದರು’. ಕ್ವೆರಿ ಓದಿದ್ದಕ್ಕೆ, ಇಂಡೆಕ್ಸ್ ಬರೆದದ್ದಕ್ಕೆ ‘ಮಾಡಿದರು’. ಕ್ಯಾಶ್ ಬೇಡ ಅಂದದ್ದು ಕೊನೆಗೆ ಲೀಡ್ ತೀರ್ಮಾನವೇ, ಆದರೆ ಅದಕ್ಕೆ ಆಧಾರ ತಂದುಕೊಟ್ಟವರು ಇವರು ಅಂತ ಹಾಗೇ ಬರೆದೆ. ಅವರ ಬಾಯಿಂದ ಬಂದ ಒಂದು ಸಾಲನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಇಬ್ಬರೂ ಹೀಗೆ ಬೇರೆ ಬೇರೆ ಬರೆದು, ಆಮೇಲೆ ಹಾಳೆ ಪಕ್ಕಪಕ್ಕ ಇಟ್ಟರೆ, ಎಲ್ಲಿ ಭಿನ್ನಾಭಿಪ್ರಾಯ ಅಂತ ಒಂದು ನಿಮಿಷದಲ್ಲಿ ಕಾಣುತ್ತದೆ. ಬಹಳ ಸಲ ಅದು ಒಂದೇ ಹೆಜ್ಜೆಯ ಬಗ್ಗೆ ಇರುತ್ತದೆ.

ಸೀನಿಯರ್ ಕೆಲಸಕ್ಕೆ ತೆಗೆದುಕೊಳ್ಳುವಾಗ ‘ಮಾಡಿದರು’ ಒಂದೇ ಎಣಿಸಬೇಡಿ. ಕೋಡ್ ಒಂದು ಸಾಲೂ ಬರೆಯದೆ, ಎರಡು ಟೀಮಿನ ನಡುವೆ ಕೂತು, ಕ್ಯಾಶ್ ಹಾಕುವ ತಪ್ಪನ್ನು ತಡೆದವರ ಪಾಲು ದೊಡ್ಡದೇ. ಅಂಥವರಿಗೆ ‘ನಾವು’ ಅನ್ನುವುದು ಸಂಕೋಚವೂ ಅಲ್ಲ, ಮರೆಮಾಚುವುದೂ ಅಲ್ಲ. ಅದೇ ಸರಿಯಾದ ಪದ. ಅವರನ್ನು ‘ಯಾರು ಒಪ್ಪಲಿಲ್ಲ? ನೀವು ಏನು ಹೇಳಿದಿರಿ? ಆಮೇಲೆ ಏನು ಬದಲಾಯಿತು?’ ಅಂತ ಕೇಳಿ.

ಮರೆವಿನ ಬಗ್ಗೆ ಸ್ವಲ್ಪ ಸಡಿಲ ಇರಲಿ. 3.8 ಸೆಕೆಂಡಾ, 4.1 ಸೆಕೆಂಡಾ ಅನ್ನುವುದು ಮರೆತರೆ ಅದೇನೂ ದೊಡ್ಡದಲ್ಲ. ಕಾಲಂ ಹೆಸರು ಮರೆಯಬಹುದು. ಯಾಕೆ ಹಾಗೆ ಮಾಡಿದೆವು ಅನ್ನುವುದು ಮಾತ್ರ ಮಾಡಿದವರಿಗೆ ಸಾಮಾನ್ಯವಾಗಿ ಮರೆಯುವುದಿಲ್ಲ. ಗಾಬರಿಯಲ್ಲಿ ಖಾಲಿಯಾದವರೂ ಐದು ನಿಮಿಷ ಬಿಟ್ಟು ಅದೇ ಜಾಗಕ್ಕೆ ಮತ್ತೆ ಬಂದರೆ ಹೇಳುತ್ತಾರೆ. ಒಮ್ಮೆ ನೀರು ಕುಡಿಯಲು ಬಿಟ್ಟು ಮತ್ತೆ ಕೇಳಿ.

ಅವರ ಒಪ್ಪಿಗೆ ಇದ್ದರೆ ಹಳೆಯ ಲೀಡ್ ಒಬ್ಬರ ಜೊತೆ ಮಾತಾಡಿ. ಒಪ್ಪಿಗೆ ಇಲ್ಲದೆ ಈಗಿನ ಆಫೀಸಿನ ಯಾರಿಗೂ ಫೋನ್ ಮಾಡಬೇಡಿ. ಬೆಂಗಳೂರಿನಲ್ಲಿ ಒಬ್ಬರಿಗೊಬ್ಬರು ಪರಿಚಯ ಜಾಸ್ತಿ, ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ ಇರುವವರು ಕೆಲಸ ಹುಡುಕುತ್ತಿರುವುದು ಅಲ್ಲಿ ಗೊತ್ತಾದರೆ ಅವರಿಗೆ ನಿಜವಾಗಿ ತೊಂದರೆ. ಮಾತಾಡಲು ಸಿಕ್ಕಿದವರನ್ನು ‘ಹೇಗಿದ್ದರು?’ ಅಂತ ಕೇಳಿದರೆ ‘ಒಳ್ಳೆಯವರು’ ಅಂತಾರೆ, ಅಷ್ಟೇ. ‘ಆ ಡ್ಯಾಶ್‌ಬೋರ್ಡ್ ಕೆಲಸದ ಮಧ್ಯೆ ಇವರು ಎರಡು ವಾರ ರಜೆ ಹೋಗಿದ್ದರೆ ಯಾವುದು ನಿಂತುಹೋಗುತ್ತಿತ್ತು?’ ಅಂತ ಕೇಳಿ. ಇದೇ ಪ್ರಶ್ನೆ ಕ್ಯಾಂಡಿಡೇಟ್‌ಗೂ ಮೊದಲೇ ಕೇಳಿದ್ದರೆ ಎರಡು ಉತ್ತರ ಹೋಲಿಸಬಹುದು.

ನಿಮ್ಮ ಗುರುವಾರಕ್ಕೆ 45 ನಿಮಿಷ ಇದೆ ಅಂದುಕೊಂಡರೆ, ಮೊದಲ ಎಂಟು ನಿಮಿಷ ಆ ಹಾಳೆಗೆ ಕೊಡಿ. ಮುಂದಿನ 25 ಒಂದೇ ಘಟನೆಗೆ: ಹೇಗೆ ಗೊತ್ತಾಯ್ತು, ಬೇರೆ ದಾರಿ ಯಾವುದಿತ್ತು, ಯಾಕೆ ಬಿಟ್ಟಿರಿ, ಏನು ಕೆಟ್ಟಿತು. ಉಳಿದದ್ದರಲ್ಲಿ ಅದೇ ಕೆಲಸವನ್ನು ಸ್ವಲ್ಪ ತಿರುಗಿಸಿ ಕೊಡಿ. ನಾನು ಆ ಡ್ಯಾಶ್‌ಬೋರ್ಡ್ ಕ್ಯಾಂಡಿಡೇಟ್‌ಗೆ, ‘ಈಗ ಸೆಲ್ಲರ್ ಸ್ಟೇಟಸ್ ಪ್ರಕಾರವೂ ಹುಡುಕಬೇಕು ಅಂದರೆ?’ ಅಂತ ಕೇಳಿದೆ. ‘ಒಂದೇ ಸ್ಟೇಟಸ್ ಆದ್ರೆ `seller_id`, `status`, `created_at` ಈ ಕ್ರಮದಲ್ಲಿ ಇಂಡೆಕ್ಸ್ ಹಾಕ್ತೀನಿ. ಎರಡು ಮೂರು ಸ್ಟೇಟಸ್ ಒಟ್ಟಿಗೆ ಕೇಳಿದ್ರೆ ಮತ್ತೆ ಜೋಡಿಸೋ ಕೆಲಸ ಬರತ್ತೆ ಮೇಡಂ’ ಅಂದರು. ಕೈ ಆಡಿದ ಜಾಗ ಅದು, ಅದಕ್ಕೇ ಅಂಚಿನಲ್ಲಿ ಕಲ್ಲು ಎಲ್ಲಿದೆ ಅಂತ ಗೊತ್ತು. ಈ ಕೊನೆಯ ಪ್ರಶ್ನೆ ಹಳೆಯ ಪಾಲನ್ನು ಸಾಬೀತು ಮಾಡುವುದಿಲ್ಲ, ಇವತ್ತಿನ ಸಾಮರ್ಥ್ಯ ತೋರಿಸುತ್ತದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಆ ಹುದ್ದೆಗೆ ಬರುವ ಉಳಿದವರಿಗೂ ಇದೇ ಕ್ರಮದಲ್ಲಿ ಕೇಳಿ, ‘ನಾನು’ ಅನ್ನುವವರಿಗೂ.

ಇಷ್ಟೆಲ್ಲ ಕೇಳಿದ ಮೇಲೂ ಒಂದು ಹೆಜ್ಜೆಯಲ್ಲಿ ಯಾರ ಕೈ ಅಂತ ಗೊತ್ತಾಗದೇ ಹೋಗಬಹುದು. ಆಗ ಆ ಸಾಲಿನ ಮುಂದೆ ‘ಮಾಡಿಲ್ಲ’ ಅಂತ ಬರೆಯಬೇಡಿ. ‘ಗೊತ್ತಾಗಲಿಲ್ಲ, ಕೇಳಿದ ಪ್ರಶ್ನೆ ಇದು’ ಅಂತ ಬರೆದು, ಆ ಪ್ರಶ್ನೆಯನ್ನೂ ಕೆಳಗೆ ಬರೆಯಿರಿ. ನಿಮ್ಮ ಸಹೋದ್ಯೋಗಿಗೂ ಹಾಗೇ ಮಾಡಲು ಹೇಳಿ. ಮೊದಲ ಸುತ್ತಿನ ನೋಟ್ಸ್ ಗುರುವಾರದೊಳಗೆ ಇಬ್ಬರೂ ಒಮ್ಮೆ ತೆಗೆದು, ‘ಸುಮ್ನೆ ಇದ್ದವರು’ ಅಂದದ್ದಕ್ಕೆ ಅಲ್ಲಿ ಯಾವ ಪ್ರಶ್ನೆ ಇದೆ ಅಂತ ನೋಡಿ.